ಎಲ್ಲರಿಗೂ ಒಂದೇ ‘ಮಾನ್ಯರೇ’

ನಮ್ಮ ಕೌದಿ ಸಂಘದಿಂದ ಯಾರಿಗೇ ಮೇಲ್ ಹೋಗಬೇಕಾದರೂ ಅದು ಮೊದಲು ಹದಿನಾಲ್ಕು ಸೂಜಿಗಳನ್ನು ದಾಟಬೇಕು.

ಮಾಸೂರಿನ ನಮ್ಮ ಕೇರಿಯ ತುದಿಯಲ್ಲಿ ಹಳೆಯ ಸಮುದಾಯ ಭವನವಿದೆ. ಅದರ ನೆಲದ ಮೇಲೆ ಹಳೆ ಸೀರೆಗಳನ್ನು ಪದರ ಪದರ ಹಾಸಿ, ಸುತ್ತಲೂ ಹದಿನಾಲ್ಕು ಹೆಣ್ಣುಮಕ್ಕಳು ಕುಳಿತು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ನಾನು, ಅಂದರೆ ವಿದ್ಯಾ, ಸಂಘದ ಕಾರ್ಯದರ್ಶಿ, ಮೊಬೈಲು ಹಿಡಿದು ಬಾಗಿಲ ಬೆಳಕಿಗೆ ಕುಳಿತು ಬರೆದದ್ದನ್ನು ಜೋರಾಗಿ ಓದುತ್ತೇನೆ. ಸೂಜಿಗಳು ಓಡುತ್ತಿದ್ದರೆ ವಾಕ್ಯ ಸರಿ ಇದೆ. ಒಂದು ಸೂಜಿ ನಿಂತರೂ ವಾಕ್ಯ ತಪ್ಪು, ತಿದ್ದಬೇಕು. ಈ ಪದ್ಧತಿ ಮಾಡಿದವಳು ನಮ್ಮ ಅಧ್ಯಕ್ಷೆ ಉಡಚವ್ವ. ಅರವತ್ಮೂರು ವರ್ಷದ ಆಕೆಗೆ ಅಕ್ಷರ ಬರುವುದಿಲ್ಲ. “ಅಕ್ಷರ ಯಾತಕ್ಕ ಬೇಕವಾ, ಕಿವಿ ಅದಾವಲ್ಲ” ಎನ್ನುತ್ತಾಳೆ.

ಈ ಪದ್ಧತಿಯನ್ನು ಮುರಿದವಳು ನಾನು. ಅದೂ ಸಮಾನತೆಯ ಹೆಸರಿನಲ್ಲಿ.

ಕಾರಣ ಕರಿಬಸಪ್ಪ ಗೌಡ. ಮದಗದ ಕೆರೆಯ ಕೆಳಗೆ ನೀರಾವರಿ ಹೊಲ ಇರುವವನು, ವಯಸ್ಸು ನಲವತ್ತೈದು. ಒಂದು ದಿನ ಭವನದ ಮುಂದೆ ಬೈಕು ನಿಲ್ಲಿಸಿ, ಇಳಿಯದೆ, ಕಾಲು ಊರಿಕೊಂಡೇ ಕೂಗಿದ:

“ಏ ಉಡಚೀ! ಒಳಗ ಅದೀಯೇನ? ನಮ್ಮ ಮಗಳಿಗೆ ಎರಡು ಕೌದಿ ಹೊಲದು ಇಡು!”

ಉಡಚವ್ವ ತಲೆ ಎತ್ತಲಿಲ್ಲ. “ಆರ್ಡರ್ ಬರವಣಿಗ್ಯಾಗ ಕಳಸ್ರಿ ಗೌಡ್ರ. ಸಂಘದ ಠರಾವು ಐತಿ” ಎಂದಳು.

“ಬರವಣಿಗ್ಯಾಗ? ನಿನಗ?” ಅವನು ನಕ್ಕು ಕಿಕ್ ಹೊಡೆದು ಹೋದ.

ಠರಾವು ನಿಜವಾಗಿಯೂ ಇತ್ತು. ಒಮ್ಮೆ ಫೋನಿನಲ್ಲಿ ಕೇಳಿದ ಬಣ್ಣ ಒಂದು, ಹೊಲಿದದ್ದು ಇನ್ನೊಂದಾದ ಮೇಲೆ, ಆರ್ಡರು, ಬಣ್ಣ, ತಾರೀಖು ಎಲ್ಲ ಮೇಲ್‌ನಲ್ಲೇ ಎಂದು ನಿರ್ಧರಿಸಿದ್ದೆವು. ಆದರೆ ನನ್ನನ್ನು ಕೆಣಕಿದ್ದು ಠರಾವಿನ ಮಾತಲ್ಲ. ಅವನು ‘ಏ ಉಡಚೀ’ ಎಂದದ್ದು, ಇವಳು ‘ಗೌಡ್ರ’ ಎಂದದ್ದು. ಹದಿನೆಂಟು ವರ್ಷ ಚಿಕ್ಕವನಿಗೆ ‘ರಿ’, ಹದಿನೆಂಟು ವರ್ಷ ದೊಡ್ಡವಳಿಗೆ ‘ಏ’. ಈ ಊರಿನ ವ್ಯಾಕರಣವನ್ನು ಬರೆದವರು ಯಾರು? ಹೊಲ ಇದ್ದವರು. ಕಲಿತವರು ಯಾರು? ಹೊಲದಲ್ಲಿ ಬಗ್ಗಿದವರು.

ಆ ಭಾನುವಾರ ಹಿರೇಕೆರೂರಿನ ನಮ್ಮ ಓದು ಬಳಗದಲ್ಲಿ ಇದನ್ನೇ ಎತ್ತಿದೆ. ಎರಡು ತಾಸು ವಾದವಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಲೆ ಕುಲುಮೆಯಾಗಿತ್ತು. ಸೋಮವಾರ ಹೊಸ ಠರಾವು ಮಂಡಿಸಿದೆ: ‘ಇನ್ನು ಮುಂದೆ ಸಂಘದ ಬರವಣಿಗೆಯಲ್ಲಿ ಎಲ್ಲರಿಗೂ ಒಂದೇ ಮಾತು. ದೊಡ್ಡವರಿಗೊಂದು, ಸಣ್ಣವರಿಗೊಂದು ಇಲ್ಲ. ಪರಿಚಿತರಿಗೊಂದು, ಅಪರಿಚಿತರಿಗೊಂದು ಇಲ್ಲ. ಒಂದೇ ಪತ್ರ, ಒಂದೇ ಮರ್ಯಾದೆ.’ ಗೋಡೆಗೆ ಒಂದು ಹಾಳೆಯನ್ನೂ ಅಂಟಿಸಿದೆ. ನಿಷೇಧಿತ ಪದಗಳು: ವಿಧೇಯ, ಕೃಪೆ, ಪಾದ, ದಯಮಾಡಿ, ದಯವಿಟ್ಟು, ಕೋರಿಕೆ.

“ವಿಧೇಯ ತಗದಿದ್ದು ಭಾಳ ಚಲೋ ಆತು” ಎಂದಳು ಉಡಚವ್ವ. “ನಮ್ಮಪ್ಪ ಸ್ಮಶಾನಕ್ಕ ಜಾಗಾ ಕೇಳಿ ಕಚೇರಿಗೆ ಅರ್ಜಿ ಹಾಕಿದ್ದ. ಬರದು ಕೊಟ್ಟಂವ ಹನ್ನೆರಡು ಸಲ ವಿಧೇಯ ಅಂತ ಬರದಿದ್ದ. ನಮ್ಮಪ್ಪ ಹನ್ನೆರಡು ಸಲ ಹೆಬ್ಬೆಟ್ಟು ಒತ್ತಿದ. ಜಾಗಾ ಬರಲಿಲ್ಲ, ನಮ್ಮಪ್ಪ ಸತ್ತಾಗ ಮಂದಿ ಹೊಲದ ಬದುವಿನ್ಯಾಗ ಇಟ್ಟು ಬಂದ್ವಿ.” ಸ್ವಲ್ಪ ಹೊತ್ತು ದಾರ ಎಳೆದು, “ಆದ್ರ ಎಲ್ಲಾರಿಗೂ ಒಂದ ಪತ್ರ ಅಂದ್ರ ಹೆಂಗವಾ?” ಎಂದಳು.

“ಸಮಾನತೆ ಅಂದ್ರ ಅದ ಅಲ್ಲೇನು ಅವ್ವಾ?”

ಸಮಾನತೆ ಎಂದ ಮೇಲೆ ಬೇಡ ಎನ್ನುವವರು ಯಾರು? ಹದಿನಾಲ್ಕು ಕೈ ಮೇಲೆದ್ದವು. ದಾನವ್ವನ ಕೈ ಸ್ವಲ್ಪ ತಡವಾಗಿ ಎದ್ದಿತು. ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು ಎಂದು ಬರೆದುಕೊಂಡೆ.

ಆ ವಾರವೇ ಎರಡು ಮೇಲ್ ಹೋಗಬೇಕಿತ್ತು.

ಒಂದು, ಗೌಹರಳಿಗೆ ಉತ್ತರ. ಗೌಹರ ಸವಣೂರಿನವಳು, ಹುಬ್ಬಳ್ಳಿಯಲ್ಲಿ ಕೈಹೊಲಿಗೆಯ ಅಂಗಡಿ ಇಟ್ಟಿದ್ದಾಳೆ. ಒಂಬತ್ತು ವರ್ಷದಿಂದ ನಮ್ಮ ಕೌದಿ ಕೊಳ್ಳುವವಳು. ಮೊದಲ ವರ್ಷ ಆಕೆಯೇ ಮಾಸೂರಿಗೆ ಬಂದು ನಮ್ಮ ಜೊತೆ ಕುಳಿತು ಒಂದು ಮೊಳ ಹೊಲಿದಿದ್ದಳು. ಕೌದಿಯ ನಡುವಿನ ಕೊನೆಯ ತೂತು ಮುಚ್ಚುವ ಮುಂಚೆ ಅದರ ಹೊಟ್ಟೆ ತುಂಬಿಸಬೇಕು ಎಂದು ಉಡಚವ್ವ ಒಂದು ಚೂರು ರೊಟ್ಟಿ ಇಡುತ್ತಾಳೆ. ಅಂದು ಗೌಹರ ತನ್ನ ಚೀಲ ತಡಕಾಡಿ ತನ್ನೂರಿನ ತಿಂಡಿ ಸವಣೂರು ಖಾರಾ ಒಂದು ಚಿಟಿಕೆ ಇಟ್ಟಳು. ಆ ಕೌದಿ ಹೊದ್ದವರಿಗೆ ರಾತ್ರಿಯೆಲ್ಲ ನೀರಡಿಕೆಯಾಗುತ್ತದೆ ಎಂದು ಇವರು ಇನ್ನೂ ನಗುತ್ತಾರೆ. ಈ ಸಲ ಆಕೆ ಬರೆದಿದ್ದಳು:

‘ವಿದ್ಯಾ, ನಲವತ್ತು ಕೌದಿ ಹದಿನೈದನೇ ತಾರೀಖಿಗೆ ಸಿಗ್ತಾವಲ್ಲ? ಇಪ್ಪತ್ತಕ್ಕ ಅಂಗಡ್ಯಾಗ ಮೇಳ ಇಟ್ಟೇನಿ, ಬೋರ್ಡೂ ಹಾಕ್ಸೀನಿ. ಉಡಚವ್ವನ ಮೊಣಕಾಲು ಹೆಂಗೈತಿ? ಹೇಳು ಲಗೂನ.’

ನಲವತ್ತು ಕೌದಿ ಹದಿನೈದಕ್ಕೆ ಸಿಗುವ ಹಾಗಿರಲಿಲ್ಲ. ಹತ್ತು ದಿನ ಬಿಡದೆ ಮಳೆ ಹೊಡೆದು, ಒಗೆದ ಸೀರೆಗಳು ಒಣಗದೆ, ಪದರ ಹಾಕುವುದೇ ತಡವಾಗಿತ್ತು. ಆ ನಲವತ್ತರ ಮೇಲೆ ಹದಿನಾಲ್ಕು ಮನೆಗಳ ಮಳೆಗಾಲ ನಿಂತಿತ್ತು. ಈ ಮಾತನ್ನು ಗೌಹರಳಿಗೆ, ಆಕೆ ಕೈಬಿಡದ ಹಾಗೆ ಹೇಳಬೇಕಿತ್ತು.

ಎರಡನೆಯದು, ಮೈಸೂರಿನ ಒಂದು ಖಾಸಗಿ ಕಲಾಭವನದ ಡಾ. ಹೇಮಾ ಅವರಿಗೆ. ಅವರು ಕೌದಿಗಳ ಪ್ರದರ್ಶನ ಮಾಡುತ್ತಾರೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು, ಅದರಲ್ಲಿ ಮೇಲ್ ವಿಳಾಸವೂ ಇತ್ತು. ನಮ್ಮ ಕೌದಿಗಳನ್ನೂ ಸೇರಿಸಿಕೊಳ್ಳಿ ಎಂದು ಕೇಳಬೇಕಿತ್ತು. ಅವರಿಗೆ ನಾವು ಯಾರೋ, ನಮಗೆ ಅವರು ಯಾರೋ.

ಠರಾವಿನಂತೆ ಒಂದೇ ಪತ್ರ ಸಿದ್ಧ ಮಾಡಿದೆ. ಇಬ್ಬರಿಗೂ ಮೇಲಿನದೆಲ್ಲ ಅದೇ, ಕೊನೆಯ ಒಂದು ಸಾಲು ಮಾತ್ರ ಬೇರೆ. ಮೊದಲು ಗೌಹರಳದ್ದನ್ನು ಓದಿದೆ:

‘ಮಾನ್ಯರೇ, ತಾವು ಕ್ಷೇಮವೆಂದು ನಂಬಿದ್ದೇವೆ. ಮನೆಯಲ್ಲಿ ಮಕ್ಕಳು ಹೇಗಿದ್ದಾರೆ? ನಾವು ಮಾಸೂರಿನ ಕೌದಿ ಸಂಘದವರು. ನಮ್ಮಲ್ಲಿ ಕೌದಿಗಳನ್ನು ಹೊಲಿಯಲಾಗುತ್ತದೆ. ಕೌದಿಗಳು ಹತ್ತು ದಿನ ವಿಳಂಬವಾಗಲಿವೆ ಎಂದು ಈ ಮೂಲಕ ತಿಳಿಸಲಾಗಿದೆ.’

ಸೂಜಿ ನಿಂತಿತು. ಒಂದಲ್ಲ, ಒಂಬತ್ತೋ ಹತ್ತೋ.

“ಅಲ್ಲ, ಗೌಹರಗ ನಮ್ಮಲ್ಲಿ ಕೌದಿ ಹೊಲೀತೇವಿ ಅಂತ ಹೇಳಾಕತ್ತೀಯೇನು?” ಎಂದಳು ತಸ್ಲೀಮಾ, ಹೊಲಿಗೆಯಲ್ಲಿ ಎಲ್ಲರಿಗಿಂತ ಚುರುಕಿನವಳು. “ಒಂಬತ್ತು ವರ್ಷದಿಂದ ಅಕಿ ಏನು ಉಳ್ಳಾಗಡ್ಡಿ ಒಯ್ಯಾಕತ್ತಿದ್ಲಾ?”

“ಠರಾವು, ತಸ್ಲೀಮಕ್ಕ” ಎಂದೆ.

“ತಿಳಿಸಲಾಗಿದೆ ಅಂದ್ರ ಯಾರು ತಿಳಿಸಿದ್ದು?” ಇದು ದಾನವ್ವ.

“ನಾವ.”

“ಹಂಗಂದ್ರ ನಾವು ಅಂತ ಬರಿ. ಯಾರೋ ಕರೆಂಟ್ ಕಂಬದ ಮ್ಯಾಲಿಂದ ಕೂಗಿದಂಗ ಕೇಳಸ್ತೈತಿ.”

ಹೇಮಾ ಅವರಿಗೆ ಹೋಗುವ ಪತ್ರದ ಕೊನೆಯ ಸಾಲು ಇನ್ನೂ ಕಷ್ಟ ಕೊಟ್ಟಿತು. ‘ದಯವಿಟ್ಟು’, ‘ಕೋರಿಕೆ’ ಎರಡೂ ಗೋಡೆಯ ಮೇಲಿದ್ದವು. ಅವಿಲ್ಲದೆ ಕೇಳುವುದು ಹೇಗೆಂದು ತಿಳಿಯದೆ, ಕೇಳುವುದನ್ನೇ ಬಿಟ್ಟೆ: ‘ತಮ್ಮ ಪ್ರದರ್ಶನದಲ್ಲಿ ನಾವು ಇರಲಿದ್ದೇವೆ.’

“ಇದೇನು ಕೇಳೂದೋ ಹೆದರ್ಸೂದೋ?” ಎಂದಳು ಉಡಚವ್ವ.

ಅಂದು ನಾನು ಸೂಜಿಗಳ ಮಾತು ಕೇಳಲಿಲ್ಲ. ಠರಾವಿಗೆ ನೀವೇ ಕೈ ಎತ್ತಿದ್ದೀರಿ ಎಂದೆ. ಎರಡು ಶತಮಾನ ಬಗ್ಗಿದ ಬೆನ್ನು ಒಂದು ವಾರದಲ್ಲಿ ನೆಟ್ಟಗಾಗುವುದಿಲ್ಲ, ನೋವಾಗುತ್ತದೆ ಎಂದೆ. ಇನ್ನೂ ಏನೇನೋ ಅಂದೆ. ಬಳಗದಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಯಾರೋ ಆಕಳಿಸಿದರು. ಗೌಹರಳ ಹಳೆಯ ಮೇಲ್‌ಗೆ ಉತ್ತರ ಒತ್ತಿದರೆ ಒಂಬತ್ತು ವರ್ಷದ ಹರಟೆಯೆಲ್ಲ ಕೆಳಗೆ ಅಂಟಿಕೊಂಡು ಬರುತ್ತದೆ, ಅದು ಶಿಸ್ತಲ್ಲ ಎಂದು ಹೊಸದಾಗಿಯೇ ಮೇಲ್ ತೆರೆದೆ. ವಿಷಯದ ಜಾಗದಲ್ಲಿ ಎರಡಕ್ಕೂ ಒಂದೇ ಶೀರ್ಷಿಕೆ ಹಾಕಿದೆ: ‘ಸಂಘದ ಪತ್ರ’. ಕೆಳಗೆ ಒಂದೇ ಸಹಿ: ‘ಸಂಘ’. ವ್ಯಕ್ತಿಪೂಜೆ ಬೇಡವೆಂದು ಹೆಸರನ್ನೂ ಹಾಕಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ ಎರಡೂ ಕಡೆಯಿಂದ ಉತ್ತರ ಬಂತು. ಸೂಜಿಗಳ ಮುಂದೆ ಓದಿದೆ. ಮೊದಲು ಮೈಸೂರಿನದು:

‘ನಮಸ್ಕಾರ. ತಮ್ಮ ಮೇಲ್ ತಲುಪಿತು. ಮಕ್ಕಳ ಬಗ್ಗೆ ವಿಚಾರಿಸಿದ್ದೀರಿ. ನಾವು ಹಿಂದೆ ಎಲ್ಲಾದರೂ ಭೇಟಿಯಾಗಿದ್ದೇವೆಯೇ? ನನಗೆ ನೆನಪಾಗುತ್ತಿಲ್ಲ, ಕ್ಷಮಿಸಿ. ಬರೆದವರ ಹೆಸರು ಸಿಗಲಿಲ್ಲ. ತಾವು ಯಾರು, ನಮ್ಮಿಂದ ಏನು ಅಪೇಕ್ಷಿಸುತ್ತೀರಿ ಎಂಬುದನ್ನು ಸ್ಪಷ್ಟಪಡಿಸಿದರೆ ಅನುಕೂಲ. ಪಟ್ಟಿ ಶುಕ್ರವಾರ ಅಂತಿಮವಾಗುತ್ತದೆ. – ಹೇಮಾ’

“ಪಾಪ” ಎಂದಳು ದಾನವ್ವ. “ಗುರುತಿಲ್ಲದೋರು ಬಂದು ನಿನ್ನ ಮಕ್ಕಳು ಹೆಂಗದಾವು ಅಂದ್ರ ನಾನಾದ್ರ ಮಕ್ಕಳ್ನ ಒಳಗ ಹಾಕಿ ಚಿಲಕ ಹಾಕ್ತಿದ್ದೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಗೌಹರಳದ್ದನ್ನು ತೆರೆದೆ.

‘ಮಾನ್ಯ ಅಧ್ಯಕ್ಷರು, ಕೌದಿ ಸಂಘ, ಮಾಸೂರು ಇವರಿಗೆ. ತಮ್ಮ ಪತ್ರ ತಲುಪಿದೆ. ವಿಳಂಬದ ವಿಷಯವನ್ನು ಗಮನಕ್ಕೆ ತೆಗೆದುಕೊಳ್ಳಲಾಗಿದೆ. ಸದರಿ ಆರ್ಡರನ್ನು ಮುಂದುವರಿಸುವ ಕುರಿತು ಶನಿವಾರ ನಿರ್ಧರಿಸಲಾಗುವುದು. ಇತಿ, ಗೌಹರ, ಮಾಲೀಕರು.’

ಹದಿನಾಲ್ಕು ಸೂಜಿಗಳೂ ನಿಂತವು. ನನಗೆ ತಿಳಿದ ಮಟ್ಟಿಗೆ ಅದು ಮೊದಲ ಸಲ.

“ತಮ್ಮ ಅಂದ್ಲಾ?” ಉಡಚವ್ವನ ದನಿ ಸಣ್ಣದಾಗಿತ್ತು. “ಗೌಹರ, ನನಗ, ತಮ್ಮ ಅಂದ್ಲಾ?”

“ಸದರಿ ಅಂತನೂ ಅಂದಾಳ” ಎಂದಳು ತಸ್ಲೀಮಾ. “ನಮ್ಮ ಚಿಕ್ಕಪ್ಪಗ ಕೋರ್ಟಿನಿಂದ ನೋಟಿಸು ಬಂದಿತ್ತಲ್ಲ, ಅದರಾಗೂ ಸದರಿ ಇತ್ತು.”

“ಮೊಣಕಾಲು ಕೇಳಿಲ್ಲ” ಎಂದಳು ಉಡಚವ್ವ. ಅಷ್ಟು ಹೇಳಿ ಮೊಣಕಾಲ ಮೇಲೆ ಕೈ ಇಟ್ಟುಕೊಂಡಳು, ಈಗಷ್ಟೇ ಅಲ್ಲಿ ನೋವು ಶುರುವಾದ ಹಾಗೆ.

ಫೋನ್ ಮಾಡೋಣ ಎಂದರು. ಉಡಚವ್ವನೇ ಮಾಡಿದಳು, ಸ್ಪೀಕರ್ ಹಾಕಿಕೊಂಡು. ಎತ್ತಿದ್ದು ಅಂಗಡಿಯಲ್ಲಿ ಕೆಲಸಕ್ಕಿರುವ ಹೆಂಗಸು. “ಮೇಡಂ ಇಲ್ಲೇ ಅದಾರ್ರಿ. ಆದ್ರ ಮಾಸೂರಿಂದ ಫೋನ್ ಬಂದ್ರ ಮೇಲ್ ಮಾಡ್ರಿ ಅಂತ ಹೇಳಂದಾರ್ರಿ.” ಹಿಂದಿನಿಂದ ಗೌಹರಳ ಕೆಮ್ಮು ಕೇಳಿಸಿತು, ಆಕೆ ಸಿಟ್ಟು ಬಂದಾಗ ಕೆಮ್ಮುತ್ತಾಳೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು.

ಕಾಲ್ ಕಟ್ ಆಯಿತು.

“ನಾ ಮರ್ಯಾದಿ ಕೊಟ್ಟೇನಲ್ಲ ಅವ್ವಾ” ಎಂದೆ ಕೊನೆಗೆ. “ಮಾನ್ಯರೇ ಅಂತ ಬರದೇನಿ. ಮಾನ್ಯರೇ ಅನ್ನೂದು ಬೈಗುಳ ಹೆಂಗಾಗ್ತೈತಿ?”

ಉಡಚವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ನನ್ನತ್ತ ತಿರುಗಿದಳು.

“ನಿಮ್ಮವ್ವ ನಾಳೆ ಮುಂಜಾನೆ ನಿನ್ನ ಎಬ್ಬಸಾಕ ಬಂದು, ‘ಮಾನ್ಯ ವಿದ್ಯಾ ಅವರೇ, ತಾವು ಏಳಬೇಕು’ ಅಂದ್ರ?”

“...ಏನೋ ಆಗೈತಿ ಅಂತ ಹೆದರತೇನಿ.”

“ಹಾಂ. ಗೌಹರಗ ಹಂಗ ಆಗೈತಿ. ಅಕಿ ಏನ್ ತಿಳ್ಕೊಂಡಿರ್ಬೇಕು? ಇವ್ರಿಗೆ ಬ್ಯಾರೆ ಗಿರಾಕಿ ಸಿಕ್ಕಾರ, ತಡಾ ಮಾಡಿ ನನ್ನ ಬಿಡಸ್ಕೊಳ್ಳಾಕತ್ತಾರ ಅಂತ. ಒಂಬತ್ತು ವರ್ಷ ಒಲಿ ಮುಂದ ಕುಂತು ಉಂಡಾಕಿನ್ನ ನೀ ಹೊರಗ ನಿಂದ್ರಿಸಿ ಹೆಸರು ಕೇಳಿದಿ.”

“ಹಂಗಾದ್ರ ಕರಿಬಸಪ್ಪ ಗೌಡ ನಿನಗ ಏ ಅನ್ನೂದೂ ಸರಿ ಆತಲ್ಲ” ಎಂದೆ. ಸೋತವರ ಹಟ.

“ಯವ್ವಾ, ಎಷ್ಟ್ ಓದಿದ್ಯೋ ಏನೋ!” ಉಡಚವ್ವ ಹಣೆ ಚಚ್ಚಿಕೊಂಡಳು. “ಅವನ ‘ಏ’ ಮ್ಯಾಲಿಂದ ಬೀಳ್ತೈತಿ. ಗೌಹರನ ‘ಏ’ ಬಾಜೂಕಿಂದ ಬರ್ತೈತಿ. ನಾ ಅವನಿಗೆ ತಿರುಗಿ ಏ ಅನ್ನಾಕ ಬರೂದಿಲ್ಲ. ಅಕಿಗೆ ಅಂತೇನಿ, ಅಕಿ ನಗ್ತಾಳ. ಇಷ್ಟ ನೋಡು. ದೂರ ಇದ್ದೋರಿಗೆ ಬ್ಯಾರೆ ಮಾತು, ಹತ್ತರ ಇದ್ದೋರಿಗೆ ಬ್ಯಾರೆ ಮಾತು. ಅದು ಸಮಾನತೆಗೆ ಅಡ್ಡ ಬರೂದಿಲ್ಲ. ಮ್ಯಾಲ ಇದ್ದಂವಗ ಒಂದು, ಕೆಳಗ ಇದ್ದಂವಗ ಒಂದು, ಅದನ್ನ ಸುಡು.”

ಎರಡು ವರ್ಷದ ಭಾನುವಾರಗಳಲ್ಲಿ ನಮ್ಮ ಬಳಗಕ್ಕೆ ಹೊಳೆಯದ್ದು ಇದು. ನಾನು ಗೋಡೆಯ ಹಾಳೆಯತ್ತ ನೋಡಿದೆ. ಅದರ ಒಂದು ಮೂಲೆ ಆಗಲೇ ತಂಪಿಗೆ ಬಿಟ್ಟುಕೊಂಡಿತ್ತು.

“ಮೊದಲ ಮೈಸೂರಿಂದು ಮುಗ್ಸು, ನಾಳೆನ ಶುಕ್ರವಾರ” ಎಂದಳು ತಸ್ಲೀಮಾ. “ಗುರುತಿಲ್ಲದೋರ ಮನಿಗೆ ಹ್ವಾದ್ರ ಏನ್ ಮಾಡ್ತೇವಿ?”

“ಬಾಗಲಾಗ ನಿಂದ್ರತೇವಿ” ಎಂದಳು ದಾನವ್ವ.

“ಆಮ್ಯಾಲ?”

“ಹೆಸರು ಹೇಳ್ತೇವಿ. ಯಾವೂರು ಅಂತ ಹೇಳ್ತೇವಿ. ಯಾರಿಂದ ಗೊತ್ತಾತು ಅಂತ ಹೇಳ್ತೇವಿ. ಯಾತಕ್ಕ ಬಂದೇವಿ ಅಂತ ಹೇಳ್ತೇವಿ. ಮಕ್ಕಳ್ನ ಎತ್ತಿಕೊಳ್ಳಾಕ ಹೋಗೂದಿಲ್ಲ.”

ಬಾಗಿಲಲ್ಲಿ ನಿಂತೇ ಬರೆದೆ. ವಿಷಯದ ಜಾಗದಲ್ಲಿ ‘ಕೌದಿ ಪ್ರದರ್ಶನದಲ್ಲಿ ಭಾಗವಹಿಸುವ ಕುರಿತು – ಮಾಸೂರು ಕೌದಿ ಸಂಘ’. ಒಳಗೆ: ‘ಡಾ. ಹೇಮಾ ಅವರಿಗೆ ನಮಸ್ಕಾರ. ನಿನ್ನೆಯ ಮೇಲ್ ಅಸ್ಪಷ್ಟವಾಗಿದ್ದುದಕ್ಕೆ ಕ್ಷಮಿಸಿ. ನಾನು ವಿದ್ಯಾ, ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಮಾಸೂರು ಕೌದಿ ಸಂಘದ ಕಾರ್ಯದರ್ಶಿ. ನಾವು ಹದಿನಾಲ್ಕು ಜನ, ಹಳೆ ಸೀರೆಗಳಿಂದ ಕೈಯಲ್ಲೇ ಕೌದಿ ಹೊಲಿಯುತ್ತೇವೆ. ತಮ್ಮ ಪ್ರದರ್ಶನದ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿದೆವು. ಅದರಲ್ಲಿ ನಮ್ಮ ಆರು ಕೌದಿಗಳನ್ನು ಇಡಲು ಇಷ್ಟಪಡುತ್ತೇವೆ. ಎರಡರ ಚಿತ್ರಗಳನ್ನು ಲಗತ್ತಿಸಿದ್ದೇನೆ.’

ಇಲ್ಲಿ ಸಿಕ್ಕಿಬಿದ್ದೆ. ‘ದಯವಿಟ್ಟು ಪರಿಶೀಲಿಸಿ’ ಎನ್ನಬೇಕಿತ್ತು. ಗೋಡೆ ನೋಡಿದೆ.

“ಬರಿಯವಾ” ಎಂದಳು ತಸ್ಲೀಮಾ. “ಬಸ್ಸಿನ್ಯಾಗ ‘ಸ್ವಲ್ಪ ಸರೀರಿ ಅಕ್ಕಾರ’ ಅಂದ್ರ ನಾವೇನು ಅವರ ಮನಿ ಆಳಾದ್ವೇನು? ಒಂದ ಸಲ ಬರಿ. ಎರಡನೇ ಸಲ ಬರದ್ರ ಕಾಲಿಗೆ ಬಿದ್ದಂಗ ಆಗ್ತೈತಿ.”

ಒಂದೇ ಸಲ ಬರೆದೆ. ಕೆಳಗೆ ಪೂರ್ತಿ ಹೆಸರು, ಹುದ್ದೆ, ಊರು, ಫೋನ್ ನಂಬರು. ಓದುವಾಗ ಒಂದು ಸೂಜಿಯೂ ನಿಲ್ಲಲಿಲ್ಲ. ಕಳಿಸಿದೆ.

ಗೌಹರಳದ್ದು ಅಷ್ಟು ಸುಲಭವಾಗಿರಲಿಲ್ಲ. ಮೊದಲು ಹೊಸ ಮೇಲ್ ಮುಚ್ಚಿ, ಆಕೆಯ ‘ಹೇಳು ಲಗೂನ’ ಇದ್ದ ಹಳೆಯ ಮೇಲ್ ತೆರೆದು, ಅದಕ್ಕೇ ಉತ್ತರ ಒತ್ತಿದೆ. ಕೆಳಗೆ ಒಂಬತ್ತು ವರ್ಷದ ಮೊಣಕಾಲು, ಖಾರಾ, ಮಗಳ ಪರೀಕ್ಷೆ ಎಲ್ಲ ಸಾಲಾಗಿ ಇಳಿದುಬಂದವು. ತಪ್ಪಿನ ನಾಚಿಕೆಯಲ್ಲಿ ಪೂರಾ ಸಲಿಗೆಗೆ ಇಳಿದುಬಿಟ್ಟೆ. ‘ಗೌಹರಕ್ಕಾ, ನಿನ್ನ ಕೆಮ್ಮು ಮಾಸೂರಿನತನಕ ಕೇಳಿತು’ ಎಂದು ಶುರು ಮಾಡಿ, ಮಳೆ, ಒಣಗದ ಸೀರೆ, ದಾನವ್ವನ ಮನೆಯೊಳಗೆ ಹಗ್ಗ ಕಟ್ಟಿ ಒಣಹಾಕಿದ್ದಕ್ಕೆ ಆಕೆಯ ಗಂಡನ ತಲೆ ಸಿಕ್ಕಿಕೊಂಡದ್ದು, ಎಲ್ಲ ಬರೆದೆ. ಓದಿದೆ. ಸೂಜಿಗಳು ಕುಣಿದವು. ಕೊನೆಯ ಸಾಲಿಗೆ ಬಂದಾಗ ಉಡಚವ್ವನ ಸೂಜಿ ನಿಂತಿತು.

“ತಾರೀಖು ಎಲ್ಲೈತಿ?”

“ಅಂ?”

“ಅಕಿ ಕೇಳಿದ್ದು ನಲವತ್ತು ಕೌದಿ ಯಾವಾಗ ಅಂತ. ನೀ ದಾನವ್ವನ ಗಂಡನ ತಲಿ ಕೊಟ್ಟಿ. ಹತ್ತರದಾಕಿ ಅಂತ ಹೇಳಿ ಲೆಕ್ಕಾ ತಪ್ಪಿಸಿದ್ರ ಅದು ಪ್ರೀತಿ ಅಲ್ಲ, ಸದರ. ಅಕಿಗೆ ಇಪ್ಪತ್ತಕ್ಕ ಮೇಳ ಐತಿ, ಬೋರ್ಡು ಹಾಕ್ಸ್ಯಾಳ.”

“ತಪ್ಪು ಒಪ್ಕೋ, ಆದ್ರ ಉದ್ದ ಮಾಡಬ್ಯಾಡ” ಎಂದಳು ತಸ್ಲೀಮಾ. “ಮತ್ತ ಅದು ಲಾಗಿದೆ, ಲಾಗಿದೆ ಅನ್ನೂದು ಬ್ಯಾಡ.”

“ನನ್ನ ಗಂಡನ ತಲಿ ಇರ್ಲಿ” ಎಂದಳು ದಾನವ್ವ. “ಒಂದು ಸಾಲಿನ್ಯಾಗ.”

ಮೂರನೆಯ ಸಲ ಬರೆದದ್ದು ಇದು:

‘ಗೌಹರಕ್ಕಾ, ನಿನ್ನೆ ಕಳಿಸಿದ ಮೇಲ್‌ನಲ್ಲಿ ತಪ್ಪೆಲ್ಲ ನನ್ನದು, ಸಂಘದ್ದಲ್ಲ. ಎಲ್ಲರಿಗೂ ಒಂದೇ ಪತ್ರ ಅಂತ ಹಟ ಹಿಡಿದು ನಿನ್ನನ್ನು ಹೊರಗಿನವಳ ಹಾಗೆ ಮಾಡಿದೆ. ಬೇರೆ ಗಿರಾಕಿ ಯಾರೂ ಇಲ್ಲ. ಮಳೆಗೆ ಸೀರೆ ಒಣಗಲಿಲ್ಲ, ಅದಕ್ಕೇ ನಾವು ತಡ ಮಾಡಿದೆವು. (ದಾನವ್ವನ ಮನೆಯೊಳಗೆ ಹಗ್ಗ ಕಟ್ಟಿದ್ದೇವೆ, ಆಕೆಯ ಗಂಡ ಎರಡು ಸಲ ಸಿಕ್ಕಿಬಿದ್ದ.) ಇಪ್ಪತ್ತೈದು ಕೌದಿ ಹದಿನೈದಕ್ಕೇ ತಲುಪಿಸುತ್ತೇವೆ. ಉಳಿದ ಹದಿನೈದು ಇಪ್ಪತ್ತೈದಕ್ಕೆ. ಮೇಳಕ್ಕೆ ಇಷ್ಟು ಸಾಕಾಗದಿದ್ದರೆ ಈಗಲೇ ಹೇಳು, ಏನಾದರೂ ದಾರಿ ನೋಡೋಣ. ಉಡಚವ್ವನ ಮೊಣಕಾಲು ನೀನು ಕೇಳಲಿಲ್ಲವೆಂದು ನೋಯುತ್ತಿದೆ. – ವಿದ್ಯಾ’

ಓದಿದೆ. ಸೂಜಿಗಳು ಓಡಿದವು. ಕಳಿಸಿದೆ.

ಶುಕ್ರವಾರ ಬೆಳಿಗ್ಗೆ ಮೈಸೂರಿನಿಂದ ಎರಡು ಸಾಲು ಬಂತು: ಚಿತ್ರಗಳು ಚೆನ್ನಾಗಿವೆ, ಪಟ್ಟಿಯಲ್ಲಿ ಸೇರಿಸಿದ್ದೇವೆ, ವಂದನೆಗಳು ವಿದ್ಯಾ ಅವರೇ. ಸಂತೋಷವಾಯಿತು. ಆದರೆ ಯಾರೂ ಎದ್ದು ಕುಣಿಯಲಿಲ್ಲ. ಎಲ್ಲರ ಕಿವಿ ಹುಬ್ಬಳ್ಳಿಯ ಕಡೆಗಿತ್ತು.

ಮಧ್ಯಾಹ್ನ ಕಳೆಯಿತು. ಹುಬ್ಬಳ್ಳಿಯಿಂದ ಏನೂ ಇಲ್ಲ. “ತಡಸದ ಹತ್ರ ನೆಟ್‌ವರ್ಕ್ ಸಿಕ್ಕಿಕೊಂಡೈತೇನೋ” ಎಂದಳು ದಾನವ್ವ, ನಮ್ಮ ಗಂಟುಗಳು ಬಸ್ಸಿನಲ್ಲಿ ಹೋಗುವಾಗ ತಡಸದಲ್ಲಿ ಒಮ್ಮೆ ಚಕ್ರ ಪಂಕ್ಚರ್ ಆಗಿದ್ದನ್ನು ನೆನೆದು.

ಶನಿವಾರ ಹನ್ನೊಂದಕ್ಕೆ ಮೊಬೈಲು ಟಿಂಗ್ ಎಂದಿತು. ಹದಿನಾಲ್ಕು ಕತ್ತು ತಿರುಗಿದವು. ಗೌಹರಳದ್ದಲ್ಲ.

‘ಮಾನ್ಯ ಉಡಚವ್ವ ಅವರಿಗೆ, ನಮಸ್ಕಾರಗಳು. ನಾನು ಕರಿಬಸಪ್ಪ, ಮಾಸೂರು. ನನ್ನ ಮಗಳು ಶೀಲಾಳಿಗೆ ಎರಡು ಕೌದಿ ಬೇಕಾಗಿವೆ. ತಾವು ದಯವಿಟ್ಟು ತಿಳಿಸಬೇಕಾಗಿ ವಿನಂತಿ.’

ಶೀಲಾಳೇ ಟೈಪ್ ಮಾಡಿರಬೇಕು. ಕಾಲೇಜಿನಲ್ಲಿ ಪತ್ರ ಬರೆಯುವುದನ್ನು ಕಲಿತ ಹುಡುಗಿ. ಆದರೆ ಹೆಸರು ಅಪ್ಪನದ್ದೇ.

“ಇನ್ನೊಮ್ಮೆ ಓದು” ಎಂದಳು ಉಡಚವ್ವ. ಓದಿದೆ. “ತಾವು ಅಂದಾನೇನು?”

“ಅಂದಾನ. ದಯವಿಟ್ಟು ಅಂತನೂ ಅಂದಾನ.”

“ಅರವತ್ತು ವರ್ಷ ಒಂದ ಊರಾಗ ಅದೇನಿ, ಮೊದಲನೇ ಪತ್ರ ನೋಡು” ಎಂದಳು. ನಗಲೂ ಇಲ್ಲ, ಹಿಗ್ಗಲೂ ಇಲ್ಲ. “ನಾವೂ ಹಂಗ ಬರಿ. ಬಾಗಲಾಗ ನಿಂತು. ‘ಕರಿಬಸಪ್ಪ ಅವರಿಗೆ ನಮಸ್ಕಾರ.’ ಗೌಡ್ರ ಅಂತ ಹಾಕಬ್ಯಾಡ. ಹುಬ್ಬಳ್ಳಿ ಕೌದಿ ಮುಗದ ಮ್ಯಾಲ ಅಂತ ತಾರೀಖು ಹಾಕು.”

“ಹುಬ್ಬಳ್ಳಿದು ಉಳದ್ರ” ಎಂದರು ಯಾರೋ ಮೆಲ್ಲಗೆ.

ನಾನು ಕರಿಬಸಪ್ಪ ಅವರಿಗೆ ನಮಸ್ಕಾರ ಎಂದು ಬರೆಯುತ್ತಿದ್ದಾಗಲೇ, ಅದೇ ಬೆರಳ ಕೆಳಗೆ, ಇನ್ನೊಂದು ಟಿಂಗ್.

ಹೆಸರು ನೋಡಿದೆ. ತೆರೆದು ಜೋರಾಗಿ ಓದತೊಡಗಿದೆ:

‘ಲೇ ವಿದ್ಯಾ! ನಿನ್ನ ಮಾನ್ಯರೇ ಬೆಂಕಿಗೆ ಬೀಳ್ಲಿ! ನಾ ಏನ್ ತಹಶೀಲ್ದಾರ್ ಆಗೇನೇನ? ಅವತ್ತಿಂದ ಉಂಡದ್ದು ಮೈಗೆ ಹತ್ತಿಲ್ಲ. ಇವ್ರಿಗೆ ನಾ ಏನ್ ಕಮ್ಮಿ ಮಾಡಿದ್ದೆ ಅಂತ ಹಳೇ ಮೇಲ್ ಎಲ್ಲಾ ಕುಂತು ಓದೇನಿ, ನಿನ್ನಿಂದಾಗಿ. ಸದರಿ ಅನ್ನೂ ಶಬ್ದ ನಮ್ಮ ಮಗಳ್ನ ಕೇಳಿ ಬರದೆ, ಗೊತ್ತೈತೇನು? ಇಪ್ಪತ್ತೈದು ಕೌದಿ ಹದಿನೈದಕ್ಕ ಬರ್ಲಿ, ಸಾಕು. ಉಳದ್ವು ಇಪ್ಪತ್ತೈದಕ್ಕ, ಒಂದು ದಿನ ತಡಾ ಆದ್ರ ನಾನ ಬರ್ತೇನಿ ಮಾಸೂರಿಗೆ, ಕೋಲು ತಗೊಂಡು. ಬರೂಮುಂದ ಖಾರಾ ತರ್ತೇನಿ. ಆ ಮುದುಕಿ ಮೊಣಕಾಲು ಹೆಂಗೈತಿ?’

ಓದಿ ತಲೆ ಎತ್ತಿದೆ. ಹದಿನಾಲ್ಕು ಸೂಜಿಗಳೂ ನಿಂತಿದ್ದವು.

“ಯಾಕ?” ಎಂದೆ ಗಾಬರಿಯಿಂದ. “ಎಲ್ಲಿ ತಪ್ಪೈತಿ?”

“ಎಲ್ಲೂ ಇಲ್ಲ” ಎಂದಳು ಉಡಚವ್ವ, ಕಾಲು ಚಾಚಿ ಮೊಣಕಾಲು ನೀವಿಕೊಳ್ಳುತ್ತ. “ಇನ್ನೊಮ್ಮೆ ಓದು. ಆ ‘ಲೇ’ದಿಂದ.”